ಹೊಸ ಪಾಲುದಾರರು ಸೇರುವಾಗ ಗುಡ್‌ವಿಲ್ ಮತ್ತು ಬಂಡವಾಳ: ಕೊಡಗಿನ ಕಾಫಿ ಖರೀದಿ ಸಂಸ್ಥೆಗೆ ಯಾವ ವಿಧಾನ ಹೊಂದುತ್ತದೆ?

ಗೋಣಿಕೊಪ್ಪ, ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪದಂತಹ ಊರುಗಳಲ್ಲಿ ಕಾಫಿ ಮತ್ತು ಕರಿಮೆಣಸು ಖರೀದಿಸುವ ಸಂಸ್ಥೆಗಳಲ್ಲಿ ಹಲವು ಇಬ್ಬರು ಮೂವರ ಪಾಲುದಾರಿಕೆಯಲ್ಲಿ ನಡೆಯುತ್ತವೆ. ಅಂತಹ ಸಂಸ್ಥೆಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲು 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 31ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ, ಇರುವ ಪಾಲುದಾರರೆಲ್ಲರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಮೇಲೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಹೊಸಬರು ಗುಡ್‌ವಿಲ್‌ನ, ಎಂದರೆ ಸಂಸ್ಥೆ ಗಳಿಸಿದ ಒಳ್ಳೆಯ ಹೆಸರಿನ ಬೆಲೆಯ, ತಮ್ಮ ಪಾಲನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದು ಮೊದಲನೆಯದು. ಪಾಲುದಾರರೆಲ್ಲರ ಬಂಡವಾಳವನ್ನು ಯಾವ ಆಧಾರದ ಮೇಲೆ ಸರಿಹೊಂದಿಸಬೇಕು ಎಂಬುದು ಎರಡನೆಯದು. ಎರಡಕ್ಕೂ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಯಾವ ಉತ್ತರವನ್ನು ಆರಿಸಿದರೆ ಬ್ಯಾಂಕಿನಲ್ಲಿ ಎಷ್ಟು ಹಣ ಉಳಿಯುತ್ತದೆ, ಯಾರ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಒಂದೇ ಕಲ್ಪಿತ ಸಂಸ್ಥೆಯ ಅಂಕಿಗಳಿಂದ ಇಲ್ಲಿ ಹೋಲಿಸಿದೆ.

ಉದಾಹರಣೆಯ ಸಂಸ್ಥೆ

ಬೋಪಯ್ಯ ಮತ್ತು ಗಣಪತಿ ಲಾಭವನ್ನು 3:2ರಂತೆ ಹಂಚಿಕೊಳ್ಳುವ ಪಾಲುದಾರರು ಎಂದಿಟ್ಟುಕೊಳ್ಳೋಣ. 2025ರ ಮಾರ್ಚ್ 31ರಂದು ಬೋಪಯ್ಯನವರ ಬಂಡವಾಳ 30 ಲಕ್ಷ, ಗಣಪತಿಯವರದು 18 ಲಕ್ಷ, ಸಾಮಾನ್ಯ ಮೀಸಲು ನಿಧಿ 5 ಲಕ್ಷ, ಬೆಳೆಗಾರರಿಗೆ ಕೊಡಬೇಕಾದ ಬಾಕಿ 12 ಲಕ್ಷ. ಇನ್ನೊಂದು ಬದಿಯಲ್ಲಿ ಕಾಫಿ ಮತ್ತು ಮೆಣಸಿನ ದಾಸ್ತಾನು 32 ಲಕ್ಷ, ಬರಬೇಕಾದ ಬಾಕಿ 14 ಲಕ್ಷ, ಗೋದಾಮು ಮತ್ತು ಕಣ 15 ಲಕ್ಷ, ಬ್ಯಾಂಕಿನಲ್ಲಿ 4 ಲಕ್ಷ. ಎರಡೂ ಬದಿ 65 ಲಕ್ಷಕ್ಕೆ ಸರಿಹೋಗುತ್ತವೆ. ಏಪ್ರಿಲ್ 1ರಿಂದ ದೇಚಮ್ಮನವರು ಐದನೆಯ ಒಂದು ಪಾಲಿಗೆ ಸೇರುತ್ತಾರೆ, ಹೊಸ ಅನುಪಾತ 2:2:1.

ಈ ಅನುಪಾತವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೋಪಯ್ಯನವರ ಪಾಲು ಐದರಲ್ಲಿ ಮೂರರಿಂದ ಎರಡಕ್ಕೆ ಇಳಿಯಿತು, ಗಣಪತಿಯವರದು ಎರಡಾಗಿಯೇ ಉಳಿಯಿತು. ಎಂದರೆ ದೇಚಮ್ಮನವರಿಗೆ ಪಾಲು ಬಿಟ್ಟುಕೊಟ್ಟವರು ಬೋಪಯ್ಯನವರೊಬ್ಬರೇ. ಆದ್ದರಿಂದ ಗುಡ್‌ವಿಲ್‌ಗಾಗಿ ಬರುವ ಹಣವೆಲ್ಲ ತ್ಯಾಗದ ಅನುಪಾತದ ಪ್ರಕಾರ ಅವರಿಗೇ ಸಲ್ಲಬೇಕು. ಮೀಸಲು ನಿಧಿಯೂ ಮರುಮೌಲ್ಯಮಾಪನದ ಲಾಭವೂ ಹಾಗಲ್ಲ. ಅವು ಹಿಂದಿನ ವರ್ಷಗಳ ಗಳಿಕೆಯಾದ್ದರಿಂದ ಹಳೆಯ 3:2ರಲ್ಲೇ ಹಂಚಿಕೆಯಾಗುತ್ತವೆ. ಗುಡ್‌ವಿಲ್ ಹಣವನ್ನೂ ಅಭ್ಯಾಸಬಲದಿಂದ 3:2ರಲ್ಲಿ ಹಂಚಿಬಿಡುವುದು ಈ ಲೆಕ್ಕದಲ್ಲಿ ಅತಿ ಸಾಮಾನ್ಯವಾದ ತಪ್ಪು. ಒಂದಿಷ್ಟೂ ಪಾಲು ಬಿಡದ ಗಣಪತಿಯವರ ಖಾತೆಗೆ ಗುಡ್‌ವಿಲ್ ಹಣ ಜಮೆಯಾಗಿದ್ದರೆ ಆ ತಪ್ಪು ಆಗಿದೆ ಎಂದು ತಿಳಿಯಬೇಕು.

ಮೊತ್ತ ನಿಗದಿ: ಬೆಲೆ ಏರಿದ ವರ್ಷವನ್ನು ಏನು ಮಾಡುವುದು?

ವಿಧಾನಗಳನ್ನು ಹೋಲಿಸುವ ಮೊದಲು ಗುಡ್‌ವಿಲ್‌ನ ಮೊತ್ತ ನಿಲ್ಲಬೇಕು, ಮತ್ತು ಕಾಫಿ ವ್ಯಾಪಾರದಲ್ಲಿ ತಕರಾರು ಹುಟ್ಟುವುದು ಇಲ್ಲೇ. ಸಂಸ್ಥೆಯ ಕಳೆದ ನಾಲ್ಕು ವರ್ಷಗಳ ಲಾಭ ಕ್ರಮವಾಗಿ 6, 7, 9 ಮತ್ತು 16 ಲಕ್ಷ ಎನ್ನೋಣ. ಸರಳ ಸರಾಸರಿ 9.5 ಲಕ್ಷ, ಎರಡು ವರ್ಷಗಳ ಖರೀದಿಯೆಂದು, ಎಂದರೆ ಸರಾಸರಿಯ ಎರಡರಷ್ಟೆಂದು, ಹಿಡಿದರೆ ಗುಡ್‌ವಿಲ್ 19 ಲಕ್ಷ, ದೇಚಮ್ಮನವರ ಪಾಲು 3.8 ಲಕ್ಷ. ಆದರೆ ಕೊನೆಯ ವರ್ಷದ 16 ಲಕ್ಷ ಬಂದದ್ದು ಹೇಗೆ ಎಂದು ಕೇಳಲೇಬೇಕು. 2024ರಲ್ಲಿ ಮತ್ತು 2025ರ ಆರಂಭದಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಗೋದಾಮಿನಲ್ಲಿ ಮಾಲು ಇದ್ದವರಿಗೆಲ್ಲ ಲಾಭವಾಯಿತು. ಅದು ಸಂಸ್ಥೆಯ ಹೆಸರಿಗೆ ಬಂದ ಲಾಭವಲ್ಲ. ಇದನ್ನು ಬೇರ್ಪಡಿಸಲು ಆ ವರ್ಷ ಮಾರಿದ ಚೀಲಗಳನ್ನು ಚೀಲವೊಂದಕ್ಕೆ ವಾಡಿಕೆಯಾಗಿ ಉಳಿಯುವ ಲಾಭದಿಂದ ಗುಣಿಸಿ ನೋಡಬೇಕು. ಅದಕ್ಕಿಂತ ಮೇಲೆ ಉಳಿದದ್ದು ಬೆಲೆ ಏರಿಕೆಯ ಲಾಭ. ಈ ಸಂಸ್ಥೆಯಲ್ಲಿ ಅದು 6 ಲಕ್ಷವಾದರೆ, ಅದನ್ನು ಕಳೆದ ಸರಾಸರಿ 8 ಲಕ್ಷಕ್ಕೆ ಇಳಿಯುತ್ತದೆ.

ಇನ್ನೂ ಒಂದು ಕಳೆತವಿದೆ. ಇಬ್ಬರೂ ಪಾಲುದಾರರು ಸಂಬಳವಿಲ್ಲದೆ ದುಡಿದಿದ್ದರೆ, ಅದೇ ಕೆಲಸಕ್ಕೆ ಬೇರೆಯವರನ್ನು ಇಟ್ಟಿದ್ದರೆ ಕೊಡಬೇಕಾಗುತ್ತಿದ್ದ ವೇತನವನ್ನೂ ಲಾಭದಿಂದ ತೆಗೆಯಬೇಕು. ಅದು ವರ್ಷಕ್ಕೆ 3 ಲಕ್ಷ ಎಂದಾದರೆ ಸರಾಸರಿ 5 ಲಕ್ಷ, ಗುಡ್‌ವಿಲ್ 10 ಲಕ್ಷ, ದೇಚಮ್ಮನವರ ಪಾಲು 2 ಲಕ್ಷ. ಒಂದೇ ಪುಸ್ತಕದಿಂದ 3.8 ಲಕ್ಷವೂ ಬರುತ್ತದೆ, 2 ಲಕ್ಷವೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ನ್ಯಾಯ, ಏಕೆಂದರೆ ಹೊಸಬರು ಕೊಳ್ಳುತ್ತಿರುವುದು ಮುಂದಿನ ಲಾಭವನ್ನೇ ಹೊರತು ಕಳೆದ ವರ್ಷದ ಮಾರುಕಟ್ಟೆಯನ್ನಲ್ಲ. ಮುಂದಿನ ಲೆಕ್ಕವೆಲ್ಲ 2 ಲಕ್ಷದ ಮೇಲೆ ನಡೆಯುತ್ತದೆ.

ಗುಡ್‌ವಿಲ್ ತರುವ ದಾರಿಗಳು

ಮೊದಲನೆಯ ದಾರಿಯಲ್ಲಿ ದೇಚಮ್ಮನವರು ಬಂಡವಾಳದ ಜೊತೆಗೆ 2 ಲಕ್ಷವನ್ನು ಗುಡ್‌ವಿಲ್ ಪ್ರೀಮಿಯಂ ಎಂದು ಸಂಸ್ಥೆಯ ಬ್ಯಾಂಕ್ ಖಾತೆಗೆ ಕಟ್ಟುತ್ತಾರೆ. ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್, ಪ್ರೀಮಿಯಂ ಖಾತೆ ಕ್ರೆಡಿಟ್. ನಂತರ ಪ್ರೀಮಿಯಂ ಖಾತೆ ಡೆಬಿಟ್, ಬೋಪಯ್ಯನವರ ಬಂಡವಾಳ ಖಾತೆ ಕ್ರೆಡಿಟ್. ಹಣ ಸಂಸ್ಥೆಯಲ್ಲೇ ಉಳಿಯುತ್ತದೆ, ದಾಖಲೆಯೂ ಸ್ಪಷ್ಟ. ಏಪ್ರಿಲ್ ತಿಂಗಳಲ್ಲಿ ದಾಸ್ತಾನಿನಲ್ಲಿ ಹಣ ಸಿಕ್ಕಿಕೊಂಡಿರುವ ಖರೀದಿ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ರೋಬಸ್ಟಾ ಕೊಯ್ಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ, ಲೆಕ್ಕದ ವರ್ಷ ಮುಗಿಯುವ ದಿನವೇ ಗೋದಾಮು ತುಂಬಿ ಬ್ಯಾಂಕ್ ಖಾಲಿಯಾಗಿರುತ್ತದೆ ಎಂಬುದನ್ನು ಮರೆಯಬಾರದು. ಬೋಪಯ್ಯನವರು ಜಮೆಯಾದ ಪ್ರೀಮಿಯಂ ಅನ್ನು ಕೂಡಲೇ ಹಿಂಪಡೆಯಬಹುದು, ಅದಕ್ಕೆ ಇನ್ನೊಂದು ಸಾಲಿನ ದಾಖಲೆ ಸಾಕು. ಆದರೆ ಆಗ ಸಂಸ್ಥೆಗೆ ಆದ ಲಾಭ ಶೂನ್ಯ.

ಎರಡನೆಯದು ಖಾಸಗಿ ಪಾವತಿ. ದೇಚಮ್ಮನವರು 2 ಲಕ್ಷವನ್ನು ಬೋಪಯ್ಯನವರಿಗೆ ನೇರವಾಗಿ ಕೊಡುತ್ತಾರೆ, ಸಂಸ್ಥೆಯ ಪುಸ್ತಕದಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಲೆಕ್ಕಶಾಸ್ತ್ರದ ಪ್ರಕಾರ ಇದು ತಪ್ಪಲ್ಲ. ಸಂಬಂಧಿಕರ ನಡುವೆ ಇದು ಸುಲಭವೆನಿಸಿದರೂ ನಾನು ಇದನ್ನು ಸೂಚಿಸುವುದಿಲ್ಲ. ಮುಂದೆ ದೇಚಮ್ಮನವರು ನಿವೃತ್ತರಾಗಿ ಗುಡ್‌ವಿಲ್‌ನ ಪಾಲು ಕೇಳಿದಾಗ, ಸೇರುವಾಗ ತಾವು ಕೊಟ್ಟದ್ದಕ್ಕೆ ಸಂಸ್ಥೆಯಲ್ಲಿ ಕುರುಹೇ ಇರುವುದಿಲ್ಲ. ನಗದಾಗಿ ಕೊಟ್ಟರೆ ಇನ್ನೂ ತೊಡಕು: 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಈ ಉದಾಹರಣೆಯ ಮೊತ್ತ ಸರಿಯಾಗಿ ಆ ಗೆರೆಯ ಮೇಲೇ ನಿಂತಿದೆ. ಖಾಸಗಿಯಾಗಿಯೇ ಕೊಡುವುದಾದರೆ ಬ್ಯಾಂಕ್ ಮೂಲಕ ಕೊಟ್ಟು, ಕರಾರು ಪತ್ರದಲ್ಲಿ ಒಂದು ವಾಕ್ಯ ಬರೆಸಿಕೊಳ್ಳಬೇಕು.

ಮೂರನೆಯದು ಹೊಸಬರ ಬಳಿ ಪ್ರೀಮಿಯಂಗೆ ಹಣವೇ ಇಲ್ಲದಿರುವ ಸಂದರ್ಭಕ್ಕೆ ಹೊಂದುತ್ತದೆ. ಉದಾಹರಣೆಗೆ ಅವರು ಬಂಡವಾಳವಾಗಿ ಗೋದಾಮು ಅಥವಾ ಯಂತ್ರವನ್ನು ತರುತ್ತಿರಬಹುದು. ಆಗ ಸಂಸ್ಥೆಯ ಪುಸ್ತಕದಲ್ಲಿ ದೇಚಮ್ಮನವರ ಹೆಸರಿನಲ್ಲಿರುವ ಚಾಲ್ತಿ ಖಾತೆಗೆ 2 ಲಕ್ಷ ಡೆಬಿಟ್ ಮಾಡಿ, ಬೋಪಯ್ಯನವರ ಬಂಡವಾಳ ಖಾತೆಗೆ ಕ್ರೆಡಿಟ್ ಮಾಡಬೇಕು. ಮುಂದಿನ ವರ್ಷಗಳ ಲಾಭದ ಪಾಲಿನಿಂದ ಆ ಡೆಬಿಟ್ ತೀರುತ್ತಾ ಹೋಗುತ್ತದೆ. ಚಾಲ್ತಿ ಖಾತೆಯ ಬದಲು ಅವರ ಬಂಡವಾಳ ಖಾತೆಗೇ ಡೆಬಿಟ್ ಮಾಡಿದರೆ, ಒಪ್ಪಿದ ಬಂಡವಾಳ ಮೊದಲ ದಿನವೇ 2 ಲಕ್ಷ ಕುಗ್ಗಿ, ಮುಂದೆ ಹೇಳುವ ಬಂಡವಾಳದ ಅನುಪಾತವೂ ಕೆಡುತ್ತದೆ. ಪ್ರೀಮಿಯಂನ ಒಂದು ಭಾಗವನ್ನಷ್ಟೇ ತಂದವರಿಗೆ ಮೊದಲ ಮತ್ತು ಮೂರನೆಯ ದಾರಿಗಳನ್ನು ಬೆರೆಸಬಹುದು: 1.2 ಲಕ್ಷ ತಂದರೆ ಅದು ಪ್ರೀಮಿಯಂ ಖಾತೆಗೆ, ಉಳಿದ 80,000 ಚಾಲ್ತಿ ಖಾತೆಗೆ. ತರುವ ಆಸ್ತಿ ಜಮೀನಾಗಿದ್ದರೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಒಕ್ಕದ, ಎಂದರೆ ಕೊಡವ ಮನೆತನದ, ಹೆಸರಿನಲ್ಲಿ ಜಂಟಿಯಾಗಿರುವ ವಂಶಪಾರಂಪರ್ಯದ ಜಮ್ಮಾ ಜಾಗದಲ್ಲಿ ತಮ್ಮ ಪಾಲು ಕಾಗದದ ಮೇಲೆ ಪ್ರತ್ಯೇಕವಾಗುವ ತನಕ ಅದನ್ನು ಬಂಡವಾಳವೆಂದು ಪುಸ್ತಕಕ್ಕೆ ಏರಿಸುವುದು ಬೇಡ.

ನಾಲ್ಕನೆಯದು ಹಳೆಯ ಪದ್ಧತಿ: ಪೂರ್ತಿ 10 ಲಕ್ಷದ ಗುಡ್‌ವಿಲ್ ಅನ್ನು ಪುಸ್ತಕದಲ್ಲಿ ಎಬ್ಬಿಸಿ, ಹಳೆಯ ಅನುಪಾತದಲ್ಲಿ ಬೋಪಯ್ಯನವರಿಗೆ 6 ಲಕ್ಷ, ಗಣಪತಿಯವರಿಗೆ 4 ಲಕ್ಷ ಕ್ರೆಡಿಟ್ ಮಾಡುವುದು, ನಂತರ ಹೊಸ ಅನುಪಾತದಲ್ಲಿ 4, 4 ಮತ್ತು 2 ಲಕ್ಷ ಡೆಬಿಟ್ ಮಾಡಿ ಅದನ್ನು ಅಳಿಸುವುದು. ಕೂಡಿ ಕಳೆದರೆ ಬೋಪಯ್ಯನವರಿಗೆ 2 ಲಕ್ಷ ಹೆಚ್ಚು, ಗಣಪತಿಯವರಿಗೆ ಸೊನ್ನೆ, ದೇಚಮ್ಮನವರಿಗೆ 2 ಲಕ್ಷ ಕಡಿಮೆ. ಮೂರನೆಯ ದಾರಿಯ ಫಲವೂ ಇದೇ. ಹಾಗಾಗಿ ಲೆಕ್ಕ ಸರಿಯಾಗಿದೆಯೇ ಎಂದು ಪಕ್ಕದ ಹಾಳೆಯಲ್ಲಿ ಪರೀಕ್ಷಿಸಲು ಇದು ಚೆನ್ನ, ಪುಸ್ತಕಕ್ಕೆ ಬೇಡ. ಎಬ್ಬಿಸಿ ಅಳಿಸದೆ ಬಿಟ್ಟರಂತೂ ಅಢಾವೆ ಪತ್ರಿಕೆಯಲ್ಲಿ 10 ಲಕ್ಷದ ಆಸ್ತಿಯೊಂದು ಯಾವ ಪಾವತಿಯೂ ಇಲ್ಲದೆ ಕೂತಿರುತ್ತದೆ. ಸಂಸ್ಥೆಯೊಳಗೇ ಬೆಳೆದ ಗುಡ್‌ವಿಲ್ ಅನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನದಂಡ 26 ಒಪ್ಪುವುದಿಲ್ಲ. 2021ರ ಹಣಕಾಸು ಕಾಯಿದೆಯ ನಂತರ ಗುಡ್‌ವಿಲ್ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯೂ ಸಿಗುವುದಿಲ್ಲ. ಹಿಂದಿನ ಯಾವುದೋ ಕಾಲದಲ್ಲಿ ಎಬ್ಬಿಸಿದ ಗುಡ್‌ವಿಲ್ ಪುಸ್ತಕದಲ್ಲಿ ಇನ್ನೂ ಉಳಿದಿದ್ದರೆ, ಹೊಸಬರು ಸೇರುವ ಮೊದಲು ಹಳೆಯ ಪಾಲುದಾರರ ಖಾತೆಗಳಿಗೆ ಹಳೆಯ ಅನುಪಾತದಲ್ಲಿ ಡೆಬಿಟ್ ಮಾಡಿ ಅದನ್ನು ತೆಗೆದುಬಿಡಬೇಕು.

ಬಂಡವಾಳಕ್ಕೆ ಕೈಹಾಕುವ ಮೊದಲು

ಮೀಸಲು ನಿಧಿಯ 5 ಲಕ್ಷ 3:2ರಲ್ಲಿ 3 ಮತ್ತು 2 ಲಕ್ಷವಾಗಿ ಹಳಬರಿಗೆ ಹೋಗುತ್ತದೆ. ಗೋದಾಮು ಮತ್ತು ಕಣದ ಬೆಲೆ 3 ಲಕ್ಷ ಏರಿದೆ, ಬರಬೇಕಾದ ಬಾಕಿಯಲ್ಲಿ 50,000 ಬರುವ ನಂಬಿಕೆಯಿಲ್ಲ. ಆದ್ದರಿಂದ ಮರುಮೌಲ್ಯಮಾಪನದ ನಿವ್ವಳ ಲಾಭ 2.5 ಲಕ್ಷ, ಹಂಚಿಕೆ 1.5 ಮತ್ತು 1 ಲಕ್ಷ. ಮೊದಲ ದಾರಿಯಲ್ಲಿ ಬಂದ ಪ್ರೀಮಿಯಂ ಸೇರಿ ಬೋಪಯ್ಯನವರ ಬಂಡವಾಳ 36.5 ಲಕ್ಷ, ಗಣಪತಿಯವರದು 21 ಲಕ್ಷ ಆಗುತ್ತದೆ.

ಕಾಫಿ ಸಂಸ್ಥೆಗಳಲ್ಲಿ ಎರಡು ವಿಷಯಗಳು ಈ ಹಂತದಲ್ಲಿ ತಪ್ಪಿಹೋಗುತ್ತವೆ. ಒಂದು, ಬೆಲೆ ನಿಗದಿಯಾಗದ ಮಾಲು. ಬೆಳೆಗಾರರು ಬೆಲೆ ಕತ್ತರಿಸದೆ ಗೋದಾಮಿನಲ್ಲಿ ಇಟ್ಟುಹೋದ ಚೀಲಗಳು ಸಂಸ್ಥೆಯ ದಾಸ್ತಾನಲ್ಲ. ಅವುಗಳನ್ನು ಸಂಸ್ಥೆ ಈಗಾಗಲೇ ಮಾರಿಬಿಟ್ಟಿದ್ದರೆ, ಬೆಳೆಗಾರರು ನಾಳೆ ಕೇಳಬಹುದಾದ ಬೆಲೆಯ ಪ್ರಕಾರ ಅದು ಸಂಸ್ಥೆಯ ಸಾಲ. ಮಾರಿದ ದಿನದ ಬೆಲೆಗೆ ಅದನ್ನು ಬರೆದಿದ್ದರೆ, ಏರಿದ ವ್ಯತ್ಯಾಸವನ್ನು ಮರುಮೌಲ್ಯಮಾಪನ ಖಾತೆಗೆ ನಷ್ಟವಾಗಿ ಹಾಕಬೇಕು. ಚೀಲಗಳ ದಾಖಲೆ ಪುಸ್ತಕವನ್ನೂ ಬೆಳೆಗಾರರ ಖಾತೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಹೊಸಬರು ತಾವು ಸೇರುವ ಮುಂಚಿನ ಕೃತ್ಯಗಳಿಗೆ ಸಾಲ ಕೊಟ್ಟವರ ಮುಂದೆ ಹೊಣೆಯಲ್ಲವೆಂದು ಅದೇ 31ನೆಯ ಕಲಮು ಹೇಳುತ್ತದಾದರೂ, ಬರೆಯದೆ ಬಿಟ್ಟ ಸಾಲ ಮುಂದಿನ ವರ್ಷದ ನಷ್ಟವಾಗಿ ಅವರ ಪಾಲಿಗೂ ಬರುತ್ತದೆ.

ಇನ್ನೊಂದು, ಸಂಸ್ಥೆಯದೇ ದಾಸ್ತಾನಿನಲ್ಲಿ ಅಡಗಿರುವ ಲಾಭ. ಇಲ್ಲಿ ಖರೀದಿ ಬೆಲೆಯೂ ಮಾರುಕಟ್ಟೆ ಬೆಲೆಯೂ ಹತ್ತಿರವಿವೆ ಎಂದು ಇಟ್ಟುಕೊಂಡಿದ್ದೇನೆ. 32 ಲಕ್ಷಕ್ಕೆ ಕೊಂಡ ಮಾಲು 36 ಲಕ್ಷ ಬಾಳುವಂತಿದ್ದರೆ, ಮೇ ತಿಂಗಳಲ್ಲಿ ಅದು ಮಾರಾಟವಾದಾಗ ಆ 4 ಲಕ್ಷದಲ್ಲಿ 80,000 ದೇಚಮ್ಮನವರಿಗೆ ಹೋಗುತ್ತದೆ, ಅಷ್ಟೂ ಬೋಪಯ್ಯನವರ ಪಾಲಿನಿಂದ. ದಾಸ್ತಾನನ್ನು ಖರೀದಿ ಬೆಲೆಗಿಂತ ಮೇಲೆ ಬರೆಯುವಂತಿಲ್ಲ; ಅದರ ಬದಲು ದೇಚಮ್ಮನವರ ಚಾಲ್ತಿ ಖಾತೆಯಿಂದ ಬೋಪಯ್ಯನವರ ಖಾತೆಗೆ 80,000 ವರ್ಗಾಯಿಸಿದರೆ ಸಾಕು. ಹಳೆಯ ಮಾಲಿನ ಲಾಭ ಹಳಬರಿಗೇ ಎಂದು ಕರಾರಿನಲ್ಲಿ ಬರೆಯುವುದೂ ಒಂದು ದಾರಿಯೇ, ಆದರೆ ಗೋದಾಮಿನಲ್ಲಿ ಹೊಸ ಹಳೆಯ ಚೀಲ ಬೆರೆತ ಮೇಲೆ ಆ ಕಲಮನ್ನು ಯಾರೂ ಪಾಲಿಸಲಾರರು.

ಬಂಡವಾಳದ ಆಧಾರ: ಹೊಸಬರದೋ, ಹಳಬರದೋ?

ದೇಚಮ್ಮನವರು ಒಟ್ಟು 15 ಲಕ್ಷ ತರುತ್ತಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 2 ಲಕ್ಷ ಪ್ರೀಮಿಯಂ, 13 ಲಕ್ಷ ಬಂಡವಾಳ. ಹೊಸಬರ ಬಂಡವಾಳವನ್ನು ಆಧಾರವಾಗಿ ಹಿಡಿದರೆ, ಐದನೆಯ ಒಂದಕ್ಕೆ 13 ಲಕ್ಷ ಆದ್ದರಿಂದ ಸಂಸ್ಥೆಯ ಒಟ್ಟು ಬಂಡವಾಳ 65 ಲಕ್ಷ, ಹಳಬರಿಬ್ಬರಿಗೂ ತಲಾ 26 ಲಕ್ಷ. ಹಳಬರ ಬಂಡವಾಳವನ್ನು ಆಧಾರವಾಗಿ ಹಿಡಿದರೆ, 36.5 ಮತ್ತು 21 ಸೇರಿ 57.5 ಲಕ್ಷ ಐದನೆಯ ನಾಲ್ಕು ಭಾಗವಾಗುತ್ತದೆ, ಒಟ್ಟು 71.875 ಲಕ್ಷ, ದೇಚಮ್ಮನವರದು 14.375 ಲಕ್ಷ, ಹಳಬರಿಗೆ ತಲಾ 28.75 ಲಕ್ಷ.

| | ಆಧಾರ: ಹೊಸಬರ 13 ಲಕ್ಷ | ಆಧಾರ: ಹಳಬರ 57.5 ಲಕ್ಷ |
|---|---|---|
| ಬೋಪಯ್ಯ ಹಿಂಪಡೆಯುವುದು | 10.5 ಲಕ್ಷ | 7.75 ಲಕ್ಷ |
| ಗಣಪತಿ ತರಬೇಕಾದದ್ದು | 5 ಲಕ್ಷ | 7.75 ಲಕ್ಷ |
| ದೇಚಮ್ಮ ತರುವುದು, ಪ್ರೀಮಿಯಂ ಸೇರಿ | 15 ಲಕ್ಷ | 16.375 ಲಕ್ಷ |
| ಬ್ಯಾಂಕಿನಲ್ಲಿ ಉಳಿಯುವುದು | 13.5 ಲಕ್ಷ | 20.375 ಲಕ್ಷ |

ಮೊದಲ ಆಧಾರದಲ್ಲಿ ಹಳಬರ ಬಂಡವಾಳ ಕುಗ್ಗುತ್ತದೆ: ಹಳಬರಿಂದ ನಿವ್ವಳ 5.5 ಲಕ್ಷ ಹೊರಹೋಗುತ್ತದೆ. ಎರಡನೆಯದರಲ್ಲಿ ಬೋಪಯ್ಯನವರು ತೆಗೆದಷ್ಟನ್ನೇ ಗಣಪತಿಯವರು ತರುವುದರಿಂದ ಸಂಸ್ಥೆಯ ಹಣ ಹಾಗೆಯೇ ಉಳಿಯುತ್ತದೆ. ಭಾರ ಬೀಳುವುದು ಗಣಪತಿ ಮತ್ತು ದೇಚಮ್ಮನವರ ಮೇಲೆ. ಹೊಸಬರು ತರಬಹುದಾದ ಹಣಕ್ಕೆ ಮಿತಿ ಇದ್ದರೆ ಮೊದಲನೆಯದು, ಮುಂದಿನ ಕೊಯ್ಲಿಗೆ ಖರೀದಿ ಹೆಚ್ಚಿಸುವ ಉದ್ದೇಶವಿದ್ದರೆ ಎರಡನೆಯದು.

ಮೊದಲ ಆಧಾರ ಹಿಡಿದವರು 13ರ ಬದಲು 15 ಲಕ್ಷವನ್ನೇ ಬಂಡವಾಳವೆಂದು ತಿಳಿದರೆ ಏನಾಗುತ್ತದೆ ನೋಡಿ. ಒಟ್ಟು 75 ಲಕ್ಷ, ಹಳಬರಿಗೆ ತಲಾ 30 ಲಕ್ಷ, ಗಣಪತಿಯವರು ತರಬೇಕಾದದ್ದು 5ರಿಂದ 9 ಲಕ್ಷಕ್ಕೆ ಏರುತ್ತದೆ. ಪ್ರೀಮಿಯಂ ಜೊತೆ ಯಾವ ಸಂಬಂಧವೂ ಇಲ್ಲದ ವ್ಯಕ್ತಿ 4 ಲಕ್ಷ ಹೆಚ್ಚು ತರಬೇಕಾಯಿತು. "ಒಟ್ಟಿಗೆ 15 ಲಕ್ಷ ಕೊಡುತ್ತೇನೆ" ಎಂಬ ಬಾಯಿಮಾತಿನ ಒಪ್ಪಂದಕ್ಕೆ ಇನ್ನೊಂದು ಅಪಾಯವೂ ಇದೆ: ಗುಡ್‌ವಿಲ್ ಮೊತ್ತವನ್ನು ಹೇಳದೆ 15 ಲಕ್ಷವನ್ನೂ ಬಂಡವಾಳವೆಂದು ಬರೆದರೆ, ಅಡಗಿದ ಗುಡ್‌ವಿಲ್ ಅನ್ನು ಊಹಿಸಿ ಲೆಕ್ಕಹಾಕಬೇಕಾಗುತ್ತದೆ. 75 ಲಕ್ಷದಿಂದ, ಪ್ರೀಮಿಯಂ ಜಮೆಯಾಗದ ಮೂವರ ಬಂಡವಾಳದ ಮೊತ್ತವಾದ 34.5, 21 ಮತ್ತು 15, ಅಂದರೆ 70.5 ಲಕ್ಷವನ್ನು ಕಳೆದರೆ ಬರುವ ಗುಡ್‌ವಿಲ್ 4.5 ಲಕ್ಷ, ದೇಚಮ್ಮನವರ ಪಾಲು ಬರೀ 90,000. ಲಾಭ ನೋಡಿ ಕಟ್ಟಿದ 2 ಲಕ್ಷದ ಅರ್ಧವೂ ಬರಲಿಲ್ಲ. ಆದ್ದರಿಂದ ಕರಾರು ಪತ್ರದಲ್ಲಿ ಬಂಡವಾಳ ಮತ್ತು ಪ್ರೀಮಿಯಂ ಎರಡು ಬೇರೆ ಅಂಕಿಗಳಾಗಿಯೇ ಇರಬೇಕು.

ನಗದೋ, ಚಾಲ್ತಿ ಖಾತೆಯೋ?

ಆಧಾರ ನಿರ್ಧಾರವಾದ ಮೇಲೂ ವ್ಯತ್ಯಾಸವನ್ನು ನಗದಿನಲ್ಲಿ ತೀರಿಸಬೇಕೆಂಬ ಕಡ್ಡಾಯವಿಲ್ಲ. ಮೊದಲ ಆಧಾರದಲ್ಲಿ ದೇಚಮ್ಮನವರ ಹಣ ಸೇರಿ ಬ್ಯಾಂಕಿನಲ್ಲಿ 19 ಲಕ್ಷ ಇರುತ್ತದೆ. ಬೋಪಯ್ಯನವರು 10.5 ಲಕ್ಷ ತೆಗೆದು, ಗಣಪತಿಯವರ 5 ಲಕ್ಷ ತಡವಾದರೆ ಉಳಿಯುವುದು 8.5 ಲಕ್ಷ, ಬೆಳೆಗಾರರಿಗೆ ಕೊಡಬೇಕಾದ 12 ಲಕ್ಷಕ್ಕೆ ಅದು ಸಾಲದು. ಬೆಳೆಗಾರರ ಬಾಕಿ ತಡೆದರೆ ಈಗಷ್ಟೇ ಬೆಲೆಕಟ್ಟಿದ ಗುಡ್‌ವಿಲ್‌ಗೇ ಪೆಟ್ಟು. ಇಂತಹ ಸ್ಥಿತಿಯಲ್ಲಿ ಬೋಪಯ್ಯನವರ ಬಂಡವಾಳ ಖಾತೆಗೆ 10.5 ಲಕ್ಷ ಡೆಬಿಟ್ ಮಾಡಿ ಅವರ ಚಾಲ್ತಿ ಖಾತೆಗೆ ಕ್ರೆಡಿಟ್ ಮಾಡುವುದು, ಗಣಪತಿಯವರ ಚಾಲ್ತಿ ಖಾತೆಗೆ 5 ಲಕ್ಷ ಡೆಬಿಟ್ ಮಾಡಿ ಅವರ ಬಂಡವಾಳಕ್ಕೆ ಕ್ರೆಡಿಟ್ ಮಾಡುವುದು ಮೇಲು. ಬಂಡವಾಳ 26, 26, 13 ಲಕ್ಷವಾಗಿ ನಿಲ್ಲುತ್ತದೆ, ಬ್ಯಾಂಕಿನ 19 ಲಕ್ಷ ಅಲುಗುವುದಿಲ್ಲ.

ಇದರ ಬೆಲೆ ಬಡ್ಡಿಯ ಪ್ರಶ್ನೆಯಲ್ಲಿ ಕಾಣುತ್ತದೆ. ಕರಾರಿನಲ್ಲಿ ಹೇಳದಿದ್ದರೆ ಬಂಡವಾಳಕ್ಕೆ ಬಡ್ಡಿ ಸಿಗುವುದಿಲ್ಲ. ಹೇಳಿದ್ದರೂ ಅದು ಲಾಭದಿಂದ ಮಾತ್ರ ಸಲ್ಲುತ್ತದೆ. ಆದರೆ ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಪಾಲುದಾರರು ಕೊಟ್ಟ ಮುಂಗಡಕ್ಕೆ ಕಾಯಿದೆಯ 13ನೆಯ ಕಲಮು ಶೇ. 6ರ ಬಡ್ಡಿ ಕೊಡುತ್ತದೆ. ಬೋಪಯ್ಯನವರ ಚಾಲ್ತಿ ಖಾತೆಯ 10.5 ಲಕ್ಷ ಅಂತಹ ಮುಂಗಡವೇ ಅಲ್ಲವೇ ಎಂಬ ವಾದಕ್ಕೆ ಎಡೆಯಾಗದಂತೆ, ಜಮೆ ಬಾಕಿಗೆ ಎಷ್ಟು ಬಡ್ಡಿ, ಗಣಪತಿಯವರ 5 ಲಕ್ಷದ ಡೆಬಿಟ್ ಬಾಕಿಗೆ ಎಷ್ಟು ಬಡ್ಡಿ, ಅದು ಯಾವ ವರ್ಷದೊಳಗೆ ತೀರಬೇಕು ಎಂಬುದನ್ನು ಕರಾರು ಪತ್ರದಲ್ಲಿಯೇ ಬರೆಯಬೇಕು. ಗಣಪತಿಯವರು ಪ್ರತಿ ವರ್ಷದ ಲಾಭದ ಪಾಲಿನಲ್ಲಿ ಅರ್ಧವನ್ನು ಚಾಲ್ತಿ ಖಾತೆಯಲ್ಲೇ ಬಿಡುತ್ತಾರೆ ಎಂಬ ಷರತ್ತು ಇದಕ್ಕೆ ಹೊಂದುತ್ತದೆ. ವರ್ಷದ ಲಾಭ 8 ಲಕ್ಷವಾದರೆ ಅವರ ಪಾಲು 3.2 ಲಕ್ಷ, ಉಳಿಸುವುದು 1.6 ಲಕ್ಷ, ಬಡ್ಡಿ ಬಿಟ್ಟು ನಾಲ್ಕನೆಯ ವರ್ಷ ಬಾಕಿ ತೀರುತ್ತದೆ. ಅದಕ್ಕೂ ಮೊದಲು ಬೋಪಯ್ಯನವರು ತಮ್ಮ ಜಮೆಯನ್ನು ತೆಗೆಯುವುದಾದರೆ ಜನವರಿಯಿಂದ ಏಪ್ರಿಲ್‌ವರೆಗಿನ ಖರೀದಿ ತಿಂಗಳುಗಳನ್ನು ಬಿಟ್ಟು, ಮಾಲು ಮಾರಿ ಹಣ ಕೈಸೇರಿದ ಮೇಲೆ ಕಂತಿನಲ್ಲಿ ತೆಗೆಯಬೇಕೆಂದು ಸೇರಿಸಬಹುದು.